ಷಡ್ಜದಿಂದ ಪಂಚಮಕ್ಕೆ ಏಳು ಮನೆ

ಪ್ರಶ್ನೆ: ನಮ್ಮವ್ವ ಕಳೆ ತೆಗೆಯುವಾಗ ಹಾಡುತ್ತಿದ್ದ ಒಂದು ಪದದ ಧಾಟಿ ಮಾತ್ರ ತಲೆಯಲ್ಲಿ ಉಳಿದಿದೆ, ಮಾತು ಒಂದೂ ನೆನಪಿಲ್ಲ. ಮೊಬೈಲಿನಲ್ಲಿ ಗುನುಗಿದರೆ ಒಂದೊಂದು ಸಲ ಒಂದೊಂದು ಹಾಡು ತೋರಿಸುತ್ತದೆ, ಯಾವುದೂ ಅದಲ್ಲ. ನನ್ನ ಶ್ರುತಿ ಸರಿಯಿಲ್ಲವೇ? ಗುನುಗುವುದಕ್ಕೂ ತಾಳ ಬೇಕೇ?
— ಗಂಗಾವತಿಯಿಂದ ಒಬ್ಬ ಓದುಗರು

ಉತ್ತರ: ಮೊದಲು ಒಂದು ಪರೀಕ್ಷೆ ಮಾಡಿ. ಊರಿಗೆಲ್ಲ ಗೊತ್ತಿರುವ, ನಿಮಗೂ ಬಾಯಿಪಾಠವಾಗಿರುವ ಯಾವುದಾದರೂ ಸಿನಿಮಾ ಹಾಡಿನ ಪಲ್ಲವಿಯನ್ನು ಅದೇ ಮೊಬೈಲಿನಲ್ಲಿ, ಅದೇ ಕೋಣೆಯಲ್ಲಿ, ಮಾತಿಲ್ಲದೆ ಗುನುಗಿ. ಅದು ತಟ್ಟನೆ ಸಿಕ್ಕರೆ ನಿಮ್ಮ ಕಂಠದ್ದಾಗಲಿ ಮೊಬೈಲಿನದ್ದಾಗಲಿ ದೊಡ್ಡ ತಪ್ಪಿಲ್ಲ. ಆಗ ಅವ್ವನ ಪದವನ್ನು ನೀವು ನೆನಪಿಟ್ಟುಕೊಂಡ ರೀತಿಯಲ್ಲೇ ಏನೋ ಎಡವಟ್ಟಿದೆ, ಇಲ್ಲವೆ ಆ ಪದ ಮೊಬೈಲಿನ ಹಿಂದಿರುವ ಹಾಡಿನ ಭಂಡಾರದಲ್ಲೇ ಇಲ್ಲ. ಗೊತ್ತಿರುವ ಹಾಡೂ ಸಿಗದಿದ್ದರೆ ಗುನುಗುವ ಕ್ರಮವನ್ನೇ ಸರಿಮಾಡಿಕೊಳ್ಳಬೇಕು. ಇದನ್ನು ಮಾಡದೆ ಒಂದೇ ಧಾಟಿಯನ್ನು ಇಪ್ಪತ್ತು ಸಲ ಗುನುಗಿ ಬೇಸತ್ತವರು ನನ್ನ ಬಳಿ ಬಹಳ ಮಂದಿ ಬರುತ್ತಾರೆ.

ಇನ್ನು ಶ್ರುತಿಯ ಮಾತು. ನಮ್ಮ ಕಡೆ "ಶ್ರುತಿ ಸರಿಯಿಲ್ಲ" ಎಂದರೆ ಎರಡು ಅರ್ಥ. ಹಾರ್ಮೋನಿಯಂ ಪೇಟಿಯವನು ಕರಿ ಎರಡರಲ್ಲಿ ಹಿಡಿದರೆ ಹಾಡುವವನು ಇನ್ನೆಲ್ಲೋ ಎತ್ತಿಕೊಂಡ ಎನ್ನುವುದು ಒಂದು. ಎತ್ತಿಕೊಂಡದ್ದು ಎಲ್ಲೇ ಇರಲಿ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಹೆಜ್ಜೆ ತಪ್ಪಿದ ಎನ್ನುವುದು ಇನ್ನೊಂದು. ಮೊದಲನೆಯದು ಮೊಬೈಲಿಗೆ ಲೆಕ್ಕಕ್ಕೇ ಇಲ್ಲ. ಲತಾ ಮಂಗೇಶ್ಕರ್ ಏರುಶ್ರುತಿಯಲ್ಲಿ ಹಾಡಿದ್ದನ್ನು ನೀವು ನಿಮ್ಮ ದಪ್ಪ ದನಿಯಲ್ಲಿ ಗುನುಗಿದರೂ ಅದಕ್ಕೆ ಅದೇ ಹಾಡು. ಎಣಿಕೆಗೆ ಬರುವುದು ಎರಡನೆಯದು, ಅಂದರೆ ಹೆಜ್ಜೆ.

ಹೆಜ್ಜೆಯನ್ನು ಪೇಟಿಯ ಮೇಲೆ ಎಣಿಸಿದರೆ ಸುಲಭವಾಗಿ ತಿಳಿಯುತ್ತದೆ. ಬಿಳಿ, ಕರಿ ಎನ್ನದೆ ಪಕ್ಕಪಕ್ಕದ ಎಲ್ಲ ಮನೆಗಳನ್ನೂ ಸಾಲಾಗಿ ಎಣಿಸುತ್ತ ಹೋದರೆ ಷಡ್ಜದಿಂದ ಮೇಲಿನ ಷಡ್ಜಕ್ಕೆ 12 ಮನೆ. ಶುದ್ಧ ರಿಷಭಕ್ಕೆ 2, ಗಾಂಧಾರಕ್ಕೆ 4, ಮಧ್ಯಮಕ್ಕೆ 5, ಪಂಚಮಕ್ಕೆ 7, ಧೈವತಕ್ಕೆ 9. ಒಂದು ಮನೆ ಮೇಲೇರಿದರೆ ದನಿಯ ಕಂಪನ ಸುಮಾರು ನೂರಕ್ಕೆ ಆರರಷ್ಟು ಹೆಚ್ಚುತ್ತದೆ. ನಿಮ್ಮ ಷಡ್ಜ ಸೆಕೆಂಡಿಗೆ 150 ಕಂಪನದಲ್ಲಿದ್ದರೆ ಪಂಚಮ 225ರ ಹತ್ತಿರ, ಷಡ್ಜ 220ರಲ್ಲಿದ್ದರೆ ಪಂಚಮ 330ರ ಹತ್ತಿರ. ಅಂಕಿ ಬೇರೆಯಾದರೂ ಎರಡರಲ್ಲೂ ಒಂದಕ್ಕೆ ಒಂದೂವರೆ, ಎರಡರಲ್ಲೂ ಏಳು ಮನೆ. ಎಲ್ಲಿಂದ ಎತ್ತಿಕೊಂಡಿರಿ ಎನ್ನುವುದು ಲೆಕ್ಕಕ್ಕಿಲ್ಲ ಎಂದೆನಲ್ಲ, ಅದು ಈ ಕಾರಣಕ್ಕೆ.

ಈಗ ನಿಮ್ಮಂಥದೇ ಒಂದು ಪ್ರಸಂಗ ಹೇಳುತ್ತೇನೆ. ಸಿರುಗುಪ್ಪ ಕಡೆಯ ಒಬ್ಬ ರೈತರು, ಅರವತ್ತು ದಾಟಿದವರು, ಬಳ್ಳಾರಿಯ ನಮ್ಮ ಮನೆಗೆ ಬಂದಿದ್ದರು. ತೀರಿಹೋದ ಅಕ್ಕ ಹಾಡುತ್ತಿದ್ದ ಪದ ಬೇಕಿತ್ತು. ಮೊಮ್ಮಗ ಮೊಬೈಲ್ ಹಿಡಿದು ಗುನುಗಿಸಿದ್ದಾನೆ, ಮೂರು ಸಲಕ್ಕೆ ಮೂರು ಹಾಡು ಬಂದಿವೆ. ನಾನು ಪೇಟಿ ಮುಂದಿಟ್ಟುಕೊಂಡು ಗುನುಗಿ ಎಂದೆ. ಅವರು ಗುನುಗಿದ ಮೊದಲ ಸಾಲನ್ನು ಬೆರಳಿನಲ್ಲಿ ಹಿಡಿದೆ: ಸ ಮ ಪ ಮ ರಿ, ಆಮೇಲೆ ಕೋಮಲ ಗ, ಮತ್ತೆ ರಿ, ಸ, ಕೊನೆಗೆ ಷಡ್ಜಕ್ಕಿಂತ ಎರಡು ಮನೆ ಕೆಳಗೆ ಹೋಗಿ ನಿಂತರು. ಎತ್ತಿಕೊಂಡಲ್ಲಿಗೇ ಬಂದು ನಿಲ್ಲಬೇಕಾದ ಸಾಲು ಎಂದು ಕೇಳಿದರೇ ಗೊತ್ತಾಗುತ್ತಿತ್ತು. ಅದು ಕೆಳಗಿಳಿದು ನಿಂತಿದೆ ಎಂದರೆ ನಡುವೆ ಎಲ್ಲೋ ಎರಡು ಮನೆ ಸೋರಿಹೋಗಿವೆ.

ಎಲ್ಲಿ ಸೋರಿದ್ದು? ಅವರು ಗುನುಗಿದ್ದನ್ನೇ ಪೇಟಿಯಲ್ಲಿ ನುಡಿಸಿದೆ. ಕೂಡಲೇ ತಲೆ ಅಲ್ಲಾಡಿಸಿದರು. "ಅದಲ್ರಿ ಮಾಸ್ತರ, ಎರಡನೇದು ಇನ್ನಾ ಮ್ಯಾಲಕ್ಕ ಹೋಗಬೇಕು." "ನೀವ ಹಂಗ ಹಾಡಿದ್ರಲ್ರಿ," ಎಂದೆ. "ನಾ ಹಂಗ ಹಾಡಿಲ್ರಿ," ಎಂದು ನಕ್ಕರು. ಎರಡನೆಯ ಸ್ವರವನ್ನು ಒಂದು ಮನೆ ಏರಿಸಿದೆ, ಇಲ್ಲ ಎಂದರು. ಇನ್ನೊಂದು ಮನೆ ಏರಿಸಿ ಪಂಚಮ ಮುಟ್ಟಿದ ಕೂಡಲೇ ಕೈ ಎತ್ತಿ ತಡೆದರು. ನಿಜವಾದ ಸಾಲು ಹೀಗಿತ್ತು: ಸ ಪ ಧ ಪ ಗ ಮ ಗ ರಿ ಸ.

ಹೆಜ್ಜೆಗಳಲ್ಲಿ ಬರೆದರೆ ಸರಿಯಾದ ಸಾಲು ಮೇಲಕ್ಕೆ 7, ಮೇಲಕ್ಕೆ 2, ಕೆಳಕ್ಕೆ 2, ಕೆಳಕ್ಕೆ 3, ಮೇಲಕ್ಕೆ 1, ಕೆಳಕ್ಕೆ 1, ಕೆಳಕ್ಕೆ 2, ಕೆಳಕ್ಕೆ 2. ಅವರು ಗುನುಗಿದ್ದು ಮೇಲಕ್ಕೆ 5, ಉಳಿದದ್ದೆಲ್ಲ ಚಾಚೂ ತಪ್ಪದೆ ಅದೇ. ಎಂಟು ಹೆಜ್ಜೆಯಲ್ಲಿ ಒಂದೇ ತಪ್ಪು. ಆದರೆ ಆ ಒಂದು ತಪ್ಪು ಧಾಟಿಯ ಗುರುತನ್ನೇ ಅಳಿಸಿಹಾಕಿತ್ತು. ಇಳಿಕೆಯ ಸಣ್ಣ ಹೆಜ್ಜೆಗಳು ಸಾವಿರ ಹಾಡುಗಳಲ್ಲಿ ಇರುತ್ತವೆ, ಮೊದಲಲ್ಲೇ ಏಳು ಮನೆ ಹಾರುವ ಹಾಡುಗಳು ಅಷ್ಟಿಲ್ಲ. ಹಾಡನ್ನು ಬೇರೆಯವುಗಳಿಂದ ಬೇರ್ಪಡಿಸುವುದು ಇಂಥ ದೊಡ್ಡ ಹಾರಿಕೆಯೇ, ಗುನುಗುವವರು ಕುಗ್ಗಿಸುವುದೂ ಅದನ್ನೇ.

ಯಾಕೆ ಕುಗ್ಗುತ್ತದೆ ಎಂದರೆ, ಕಿವಿಗೆ ಗೊತ್ತಿರುವಷ್ಟು ಗಂಟಲಿಗೆ ಗೊತ್ತಿರುವುದಿಲ್ಲ. ಆ ಹಿರಿಯರು ಅಕ್ಕನ ದನಿಯ ಎತ್ತರದಲ್ಲೇ ಎತ್ತಿಕೊಂಡಿದ್ದರು, ಸುಮಾರು 220ರಲ್ಲಿ. ಅಲ್ಲಿಂದ ಪಂಚಮಕ್ಕೆ 330, ಧೈವತಕ್ಕೆ 370 ಮುಟ್ಟಬೇಕು. ಮೆಲ್ಲಗೆ ಗುನುಗುವ ಗಂಡು ಗಂಟಲಿಗೆ ಅದು ಎಳೆದಾಟ. ಗಂಟಲು ತನಗೆ ಸುಲಭವಾದ 293ಕ್ಕೇ ನಿಂತು ಮಧ್ಯಮವನ್ನು ಕೊಟ್ಟಿತು, ಕಿವಿ ಅದನ್ನು ಪಂಚಮವೆಂದೇ ಒಪ್ಪಿಕೊಂಡಿತು. ಮದ್ದು ಸರಳ. ತೀರ ಕೆಳಗೆ, ಮಾತಾಡುವ ದನಿಯಲ್ಲಿ ಎತ್ತಿಕೊಳ್ಳಲು ಹೇಳಿದೆ. 150ರ ಆಸುಪಾಸಿನಿಂದ ಹೊರಟಾಗ ಪಂಚಮ ತಾನಾಗಿ ಬಂತು. ನೀವೂ ಮೊದಲು ಹಾಡಿನ ಅತಿ ಎತ್ತರದ ಸ್ವರವನ್ನು ಗುನುಗಿ ನೋಡಿ. ಅದು ಆರಾಮವಾಗಿ ಬರುವಷ್ಟು ಕೆಳಗಿನಿಂದ ಶುರು ಮಾಡಿ.

ಕರಾರುವಾಕ್ಕು ಎಂದರೆ ಎಷ್ಟು ಕರಾರುವಾಕ್ಕು? ಸಂಗೀತ ಪರೀಕ್ಷೆಯಷ್ಟಂತೂ ಬೇಡ. ಗುನುಗನ್ನು ಸ್ವರಗಳಾಗಿ ಬರೆದುಕೊಳ್ಳುವ ವಿಧಾನದಲ್ಲಿ ದನಿ ಯಾವ ಮನೆಗೆ ಹತ್ತಿರವೋ ಆ ಮನೆಗೆ ಸೇರಿಸಲಾಗುತ್ತದೆ. ಷಡ್ಜ 220 ಇದ್ದವರು 330ರ ಬದಲು 323 ಮುಟ್ಟಿದರೂ ಪಂಚಮವೇ. 320ಕ್ಕಿಂತ ಕೆಳಗೆ ಜಾರಿದರೆ ಪಕ್ಕದ ತೀವ್ರ ಮಧ್ಯಮದ ಲೆಕ್ಕಕ್ಕೆ ಹೋಗುತ್ತದೆ. ಅಂದರೆ ಅರ್ಧ ಮನೆಯಷ್ಟು ಸಡಿಲಿಕೆ ಇದೆ. ಸಾಮಾನ್ಯವಾಗಿ ಹಾಡಿಕೊಳ್ಳುವವರಿಗೆ ಅಷ್ಟು ಸಾಕು, ದೊಡ್ಡ ಹಾರಿಕೆಯಲ್ಲಿ ಮಾತ್ರ ಸಾಲದು.

ಹೆಜ್ಜೆಯ ಅಳತೆಯನ್ನೇ ಬಿಟ್ಟು, ಮೇಲಕ್ಕೆ, ಕೆಳಕ್ಕೆ, ಅಲ್ಲೇ ಎಂದಷ್ಟೇ ಬರೆದುಕೊಂಡು ಹಾಡು ಹುಡುಕುವ ಪದ್ಧತಿಯೂ ಇತ್ತು. ಇಂಗ್ಲೆಂಡಿನ ಡೆನಿಸ್ ಪಾರ್ಸನ್ಸ್ 1975ರಲ್ಲಿ ಹೀಗೇ ಧಾಟಿಗಳ ಒಂದು ನಿಘಂಟು ಮಾಡಿದ. 1995ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಗುನುಗಿದ್ದನ್ನು ಕಂಪ್ಯೂಟರಿನಲ್ಲಿ ಹುಡುಕಿದಾಗ ಬಳಸಿದ್ದೂ ಇದೇ ಉಪಾಯ. ಈ ಲೆಕ್ಕದಲ್ಲಿ ನಮ್ಮ ಹಿರಿಯರ ತಪ್ಪು ತಪ್ಪೇ ಅಲ್ಲ, ಐದಾದರೂ ಏಳಾದರೂ ಮೇಲಕ್ಕೇ. ಆದರೆ ಎಂಟು ಹೆಜ್ಜೆಗೆ ಹೀಗೆ ಆಗಬಹುದಾದ ಸಾಲುಗಳೇ ಒಟ್ಟು 6,561. ಲಕ್ಷಗಟ್ಟಲೆ ಹಾಡಿರುವ ಭಂಡಾರದಲ್ಲಿ ಒಂದೊಂದು ಸಾಲಿಗೂ ರಾಶಿ ಹಾಡು ಹೊಂದುತ್ತವೆ. ಕ್ಷಮಿಸುವ ಗುಣ ಹೆಚ್ಚಿದಷ್ಟೂ ಗುರುತಿಸುವ ಗುಣ ಕಡಿಮೆ. 2020ರ ಅಕ್ಟೋಬರಿನಲ್ಲಿ ಗೂಗಲ್ ಬಿಟ್ಟ ಗುನುಗು-ಹುಡುಕಾಟ ಸ್ವರ ಬರೆದುಕೊಳ್ಳುವುದರ ಬದಲು, ಕಂಠ ಮತ್ತು ವಾದ್ಯದ ಗುಣವನ್ನು ತೆಗೆದುಹಾಕಿ ಧಾಟಿಯನ್ನೇ ಸಂಖ್ಯೆಗಳ ಸಾಲಾಗಿ ಮಾಡಿಕೊಳ್ಳುತ್ತದೆ. ಜನ ಗುನುಗಿದ್ದು, ಸಿಳ್ಳೆ ಹಾಕಿದ್ದು, ಹಾಡಿದ್ದು ಎಲ್ಲವನ್ನೂ ಕೇಳಿಸಿ ಪಳಗಿಸಿದ ಯಂತ್ರ ಅದು, ಸಣ್ಣಪುಟ್ಟ ತಪ್ಪಿಗೆ ಜಗ್ಗುವುದಿಲ್ಲ. ಆದರೂ ಧಾಟಿಯ ಆಕಾರವೇ ಕೆಟ್ಟರೆ ಅದಕ್ಕೂ ದಾರಿ ಇಲ್ಲ.

ಇನ್ನೊಂದು ಮಾತು. ನಡುವೆ ತಪ್ಪಿದ್ದು ಗೊತ್ತಾದರೆ ಅಲ್ಲೇ ತಿದ್ದಿಕೊಳ್ಳಲು ಹೋಗಬೇಡಿ. ಕೆಳಗೆ ಬಿದ್ದವರು ಮುಂದಿನ ಸ್ವರದಲ್ಲಿ ಎರಡು ಮನೆ ಹೆಚ್ಚು ಹಾರಿ ದಾರಿಗೆ ಬಂದರೆ, ಹೆಜ್ಜೆಗಳ ಲೆಕ್ಕದಲ್ಲಿ ಒಂದು ತಪ್ಪಿನ ಜಾಗದಲ್ಲಿ ಎರಡಾಗುತ್ತವೆ. ನಿಲ್ಲಿಸಿ, ಮೊದಲಿನಿಂದ ಗುನುಗಿ.

ತಾಳ ಬೇಕೇ ಎಂದು ಕೇಳಿದ್ದೀರಿ. ಬೇಕು, ಮತ್ತು ನನ್ನ ಅನುಭವದಲ್ಲಿ ಸ್ವರಕ್ಕಿಂತ ಇಲ್ಲೇ ಜನ ಹೆಚ್ಚು ಕೆಡಿಸುತ್ತಾರೆ. ಅದೇ ಒಂಬತ್ತು ಸ್ವರಗಳನ್ನು ತೆಗೆದುಕೊಳ್ಳಿ. ಅರ್ಧ ಮಾತ್ರೆಯನ್ನು ಒಂದು ಎಂದು ಎಣಿಸಿದರೆ ಆ ಪದದ ನಡೆ ಹೀಗಿತ್ತು: 2, 1, 1, 2, 2, 1, 1, 2, 4. ಒಟ್ಟು 16, ಅಂದರೆ ಎಂಟು ಮಾತ್ರೆ, ಸರಿಯಾಗಿ ಕೆಹರವಾದ ಒಂದು ಆವರ್ತನ. ಇದನ್ನೇ 2, 1, 2, 1, 1, 1, 1, 1, 2 ಎಂದು ಹಾಡಿದರೆ 12 ಆಗಿ ಆರು ಮಾತ್ರೆಯ ದಾದರಾದಲ್ಲಿ ಕೂರುತ್ತದೆ. ಸ್ವರ ಒಂದೂ ಬದಲಾಗಿಲ್ಲ, ಹಾಡು ಬೇರೆಯಾಯಿತು. ಪೇಟಿ ಇದ್ದರೆ ಎರಡನ್ನೂ ನುಡಿಸಿ ನೋಡಿ, ಮೊದಲನೆಯದು ಭಜನೆಯಲ್ಲಿ ಕುಳಿತು ಹಾಡುವಂಥದ್ದು, ಎರಡನೆಯದು ತೊಟ್ಟಿಲು ತೂಗಿದ ಹಾಗೆ.

ವೇಗ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಇಡೀ ಸಾಲನ್ನು ನಿಧಾನಕ್ಕೆ ಹಾಡಿದರೂ ಒಂದಕ್ಕೊಂದರ ಅನುಪಾತ ಹಾಗೇ ಉಳಿಯುತ್ತದೆ. ನೆನಪು ಮಾಡಿಕೊಳ್ಳುತ್ತ ಗುನುಗುವಾಗ ಕೆಡುವುದೇ ಆ ಅನುಪಾತ. ಎಲ್ಲ ಸ್ವರಗಳೂ ಒಂದೇ ಉದ್ದಕ್ಕೆ ಬರುತ್ತವೆ, ಮಗ್ಗಿ ಹೇಳಿದ ಹಾಗೆ. ಸಾಲಿನ ಕೊನೆಯ ಉದ್ದ ಸ್ವರವಂತೂ, ಇಲ್ಲಿ ನಾಲ್ಕು ಎಣಿಕೆಯ ಆ ಷಡ್ಜ, ಅರ್ಧದಲ್ಲೇ ತುಂಡಾಗುತ್ತದೆ. ಮುಂದಿನ ಸಾಲು ಮರೆತುಹೋದೀತೆಂಬ ಅವಸರ. ಇಲ್ಲವೆ ಆ ಜಾಗದಲ್ಲಿ ಪಿಟೀಲಿನ ತುಣುಕನ್ನೂ ಬಾಯಲ್ಲೇ ನುಡಿಸಿಬಿಡುತ್ತಾರೆ. ವಾದ್ಯದ ತುಣುಕು ನಿಮಗೆ ಹಾಡಿನ ಭಾಗ, ಹುಡುಕುವ ಯಂತ್ರಕ್ಕೆ ಅದು ಧಾಟಿಯ ನಡುವೆ ತೂರಿಸಿದ ಬೇರೆ ಸ್ವರಗಳು. ತೊಡೆಯ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತ ಗುನುಗಿ, ಮೊಬೈಲ್ ಇಟ್ಟ ಮೇಜಿನ ಮೇಲೆ ಮಾತ್ರ ಬೇಡ. ಕೊನೆಯ ಸ್ವರವನ್ನು ಎಣಿಕೆ ಮುಗಿಯುವವರೆಗೂ ಹಿಡಿಯಿರಿ. ಸಾಲಿನ ನಡುವೆ ಉಸಿರೆಳೆದುಕೊಳ್ಳಲು ನಿಲ್ಲಬೇಡಿ.

ಬಾಯಿ ಮುಚ್ಚಿಕೊಂಡು "ಹ್ಞೂಂ" ಎನ್ನುವುದಕ್ಕಿಂತ "ನಾ ನಾ ನಾ" ಅಥವಾ "ಲಾ ಲಾ" ಎನ್ನುವುದು ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬಾಯಿ ಮುಚ್ಚಿದರೆ ಒಂದು ಸ್ವರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎನ್ನುವ ಗಡಿ ಸಿಗುವುದಿಲ್ಲ. ಧಾಟಿಯಲ್ಲಿ ಪಂಚಮ ಒಂದರ ಹಿಂದೊಂದು ಎರಡು ಸಲ ಬಂದಿದ್ದರೆ ಅವೆರಡೂ ಕೂಡಿ ಒಂದೇ ಉದ್ದ ಪಂಚಮವಾಗುತ್ತವೆ, ಸ್ವರದ ಲೆಕ್ಕವೂ ತಾಳದ ಲೆಕ್ಕವೂ ಒಟ್ಟಿಗೇ ಕೆಡುತ್ತದೆ. ನಮ್ಮ ಕಡೆಯವರಿಗೆ ಮೀಂಡದ ಚಪಲ ಬೇರೆ. ಷಡ್ಜದಿಂದ ಪಂಚಮಕ್ಕೆ ಜಾರಿಕೊಂಡು ಹೋದರೆ ಕೇಳುವುದಕ್ಕೆ ಸೊಗಸು, ಆದರೆ ದಾರಿಯಲ್ಲಿನ ಗಾಂಧಾರ ಮಧ್ಯಮಗಳೂ ಧಾಟಿಯೊಳಗೆ ಸೇರಿಕೊಂಡುಬಿಡಬಹುದು. ಹುಡುಕುವಾಗ ಮಕ್ಕಳು ಹಾಡಿದ ಹಾಗೆ ಬಿಡಿಬಿಡಿಯಾಗಿ ಹಾಡಿ.

ಕೋಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕೂಲರ್ ಬಂದ್ ಮಾಡುವುದು ಎಷ್ಟು ಕಷ್ಟ ಎಂದು ನನಗೂ ಗೊತ್ತು, ಹದಿನೈದು ಸೆಕೆಂಡಿನ ಮಟ್ಟಿಗೆ ಬಂದ್ ಮಾಡಿ. ಗೂಗಲ್ ಆ್ಯಪಿನ ಮೈಕ್ ಒತ್ತಿ Search a song ಆರಿಸಿದ ಮೇಲೆ ಹತ್ತರಿಂದ ಹದಿನೈದು ಸೆಕೆಂಡು ಸಾಕು. ಪಲ್ಲವಿಯ ಮೊದಲಿನಿಂದ ಶುರುಮಾಡಿ, ಎರಡು ಸಾಲು ಬಂದರೆ ಒಳ್ಳೆಯದು. ಕ್ಯಾಸೆಟ್ಟು ರೇಡಿಯೋಗಳಲ್ಲಿ ನುಡಿಯುತ್ತಿರುವುದನ್ನು ಕೇಳಿ ಹೆಸರು ಹೇಳುವ ಶಜಾಮ್‌ನಂಥ ಆ್ಯಪುಗಳು ಬೇರೆ ಜಾತಿ. ಅವು ಆ ಧ್ವನಿಮುದ್ರಣದ್ದೇ ಗುರುತು ಹಿಡಿಯುತ್ತವೆ, ಧಾಟಿಯದ್ದಲ್ಲ. ಅದರ ಮುಂದೆ ಎಷ್ಟು ಚೆನ್ನಾಗಿ ಗುನುಗಿದರೂ ವ್ಯರ್ಥ.

ಉತ್ತರ ಬಂದ ಮೇಲೆ ಪಕ್ಕದಲ್ಲಿ ತೋರಿಸುವ ಶೇಕಡಾ ಅಂಕಿಯನ್ನು ಒಂದೇ ಸಲಕ್ಕೆ ನಂಬಬೇಡಿ. ಭಂಡಾರದಲ್ಲಿ ಇಲ್ಲದ ಹಾಡನ್ನು ಗುನುಗಿದರೂ ಅದು ಇದ್ದುದರಲ್ಲಿ ಹತ್ತಿರದ್ದನ್ನು ತಂದು ಮುಂದಿಡುತ್ತದೆ. ಮೂರು ಸಲ, ಪ್ರತಿ ಸಲ ಬೇರೆ ಎತ್ತರದಿಂದ ಎತ್ತಿಕೊಂಡು ಗುನುಗಿ. ಮೂರಕ್ಕೂ ಅದೇ ಹಾಡು ಮೇಲೆ ಬಂದರೆ ಅಂಕಿ ಕಡಿಮೆಯಿದ್ದರೂ ಕೇಳಿ ನೋಡುವುದು ಲೇಸು. ನಿಮಗೆ ಆಗುತ್ತಿರುವ ಹಾಗೆ ಮೂರಕ್ಕೆ ಮೂರು ಹಾಡು ಬಂದರೆ ಅದು ಸಿಕ್ಕಿಲ್ಲ ಎಂದೇ ಅರ್ಥ. ಆಗ ನಿಮ್ಮ ಗುನುಗನ್ನು ಮೊಬೈಲಿನಲ್ಲೇ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಆ ಹಿರಿಯರಿಗೆ ಪೇಟಿ ಮಾಡಿದ ಕೆಲಸವನ್ನು ನಿಮಗೆ ರೆಕಾರ್ಡಿಂಗ್ ಮಾಡುತ್ತದೆ, ಎಲ್ಲಿ ಎಡವಿದಿರೆಂದು ನಿಮ್ಮ ಕಿವಿಯೇ ಹೇಳುತ್ತದೆ.

ಆ ಹಿರಿಯರ ಕತೆ ಮುಗಿಸುತ್ತೇನೆ. ಏಳು ಮನೆ ಸರಿಯಾಯಿತು, ಕೊನೆಯ ಷಡ್ಜ ನಾಲ್ಕು ಎಣಿಕೆ ನಿಂತಿತು. ಮೂರು ಸಲಕ್ಕೂ ಒಂದೇ ಉತ್ತರ: ಹಳೆಯ ಹಿಂದಿ ಸಿನಿಮಾದ ಒಂದು ಹಾಡು. ಮೊಮ್ಮಗ ಅದನ್ನು ಹಾಕಿದ. ಹಿರಿಯರು ಎರಡು ಸಾಲು ಕೇಳಿ ಹೇಳಿದ್ದು, "ಧಾಟಿ ಇದಾ ಐತ್ರಿ. ಪದ ಇದಲ್ಲ. ನಮ್ಮಕ್ಕಗ ಹಿಂದಿ ಎಲ್ಲಿಂದ ಬರಬೇಕು?"

ನಿಮ್ಮ ಅವ್ವನವರ ಪದಕ್ಕೂ ಹೀಗೇ ಆಗಿರುವ ಸಾಧ್ಯತೆ ಬಹಳ. ನಮ್ಮ ಕಡೆ ಭಜನೆ ಪದ, ತತ್ವಪದ, ಮೊಹರಂ ಪದ, ನಾಟಕದ ಹಾಡು ಕಟ್ಟುವವರು ಜನಕ್ಕೆ ಗೊತ್ತಿರುವ ಧಾಟಿಯನ್ನೇ ಎತ್ತಿಕೊಂಡು ಅದಕ್ಕೆ ಮಾತು ಕೂಡಿಸುತ್ತಿದ್ದರು. ಗುನುಗಿದಾಗ ಮೊಬೈಲಿಗೆ ಸಿಗುವುದು ಮೂಲದ ಧಾಟಿ, ಅದರ ಮೇಲೆ ಕೂತ ಪದವಲ್ಲ. ಇದರ ತಿರುಗುಮುರುಗೂ ಉಂಟು. ರಾಯಚೂರು ಕಡೆ ಒಂದೇ ದಾಸರ ಪದವನ್ನು ಒಂದೊಂದು ಮಂಡಳಿ ಒಂದೊಂದು ಧಾಟಿಯಲ್ಲಿ ಹಾಡುತ್ತದೆ. ಅಂಥದ್ದಕ್ಕೆ ಒಂದೇ ಒಂದು ಮಾತು ನೆನಪಾದರೂ ಗುನುಗುವುದನ್ನು ಬಿಟ್ಟು ಆ ಮಾತನ್ನೇ ಟೈಪ್ ಮಾಡಿ ಹುಡುಕಿ. ಬೀಸುವ ಪದ, ಹಂತಿ ಪದಗಳಂತೂ ಬಹುಪಾಲು ಎರಡು ಮೂರು ಸ್ವರಗಳ ಸುತ್ತಲೇ ತಿರುಗುತ್ತವೆ, ಗುರುತು ಹಿಡಿಯಲು ದೊಡ್ಡ ಹಾರಿಕೆಯೇ ಇರುವುದಿಲ್ಲ. ರೆಕಾರ್ಡೂ ಆಗಿರದಿದ್ದರೆ ಗುನುಗಿ ಫಲವಿಲ್ಲ, ಅವ್ವನ ಜೊತೆ ಹೊಲಕ್ಕೆ ಹೋಗುತ್ತಿದ್ದವರು ಯಾರಾದರೂ ಇದ್ದರೆ ಅವರ ಮುಂದೆ ಗುನುಗಿ.

ಆ ಹಿರಿಯರಿಗೆ ನಾನು ಹಿಂದಿ ಹಾಡಿನ ಮೊದಲ ಸಾಲನ್ನು ಕನ್ನಡ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದುಕೊಟ್ಟೆ. ಊರಿನ ಭಜನಾ ಮಂಡಳಿಯವರ ಹತ್ತಿರ ಹಳೆಯ ಪದಗಳ ಪುಸ್ತಕ ಇದ್ದರೆ ಮಾತು ನೋಡಬೇಡಿ, ಪ್ರತಿ ಪದದ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ "ಧಾಟಿ:" ಎಂದು ಹಾಕಿರುತ್ತಾರೆ, ಅದರ ಮುಂದೆ ಈ ಸಾಲು ಇದೆಯೇ ನೋಡಿ ಎಂದೆ. ಹದಿನೈದು ದಿನಕ್ಕೆ ಮೊಮ್ಮಗನ ಫೋನ್ ಬಂತು. ಆ ಸಾಲಿನ ಕೆಳಗೆ ಒಂದಲ್ಲ, ಎರಡು ಪದ ಸಿಕ್ಕಿದ್ದವು. ಅಕ್ಕ ಹಾಡುತ್ತಿದ್ದುದು ಯಾವುದೆಂದು ಅಜ್ಜ ಎರಡನ್ನೂ ಹಾಡಿ ಹಾಡಿ ನೋಡುತ್ತಿದ್ದಾರೆ ಎಂದ.